ಐದು ಜನರ ತಿದ್ದುಪಡಿ, ಒಂದೇ ಬ್ರೋಷರ್

"ಐದೂ ಜನ ಹೇಳಿದ್ದನ್ನು ಸೇರಿಸಿಬಿಡಿ, ಯಾರಿಗೂ ಬೇಜಾರಾಗಬಾರದು." ಬ್ರೋಷರ್ ಬರೆದು ತಿದ್ದುವ ನನ್ನ ಕೆಲಸದಲ್ಲಿ ಈ ಮಾತು ಕೇಳದ ತಿಂಗಳಿಲ್ಲ. ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಆ ಮಾತಿನ ಪ್ರಕಾರ ನಡೆದರೆ ಬ್ರೋಷರ್ ಕೆಡುತ್ತದೆ, ಕೊನೆಗೆ ಐವರಿಗೂ ಬೇಜಾರಾಗುತ್ತದೆ. ಯಾಕೆ ಹಾಗಾಗುತ್ತದೆ ಅಂತ ಒಂದು ಸಲ ಸರಿಯಾಗಿ ಬಿಡಿಸಿ ಬರೆಯಬೇಕು ಅಂತ ಬಹಳ ದಿನದಿಂದ ಅನಿಸುತ್ತಿತ್ತು.

ಡ್ರಾಫ್ಟ್ ಬರೆಯುವುದು ಹೇಗೆ, ಪಿಡಿಎಫ್ ಮೇಲೆ ಕಾಮೆಂಟ್ ಹಾಕುವುದು ಹೇಗೆ ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ನಾನು ಹೇಳುವುದು ಕಾಮೆಂಟುಗಳು ಬಂದು ಬಿದ್ದ ಮೇಲಿನ ಕೆಲಸದ ಬಗ್ಗೆ. ಐದು ಕಡೆಯಿಂದ ಬಂದ ಮಾತು ಒಂದಕ್ಕೊಂದು ಹೊಂದುವುದಿಲ್ಲ, ಮುದ್ರಣಕ್ಕೆ ಕಳಿಸುವ ದಿನ ಹತ್ತಿರ ಬಂದಿದೆ. ಆಗ ಏನು ಮಾಡಬೇಕು?

ಒಂದು ಉದಾಹರಣೆಯನ್ನೇ ಹಿಡಿದು ಹೋಗೋಣ. ಮನೆ ಮೇಲೆ ಸೋಲಾರ್ ವಿದ್ಯುತ್ ವ್ಯವಸ್ಥೆ ಕೂರಿಸುವ ಒಂದು ಕಂಪನಿಯ ಬ್ರೋಷರ್ ಅದು. ಹೆಸರು ಬೇಡ, ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಎ4 ಹಾಳೆ, ಎರಡು ಮಡಿಕೆ, ಎರಡೂ ಬದಿ ಸೇರಿ ಆರು ಮುಖ. ನೋಡಬೇಕಾದವರು ಐವರು: ಎಂ.ಡಿ., ಮಾರಾಟ ವಿಭಾಗದ ಮುಖ್ಯಸ್ಥರು, ಎಂಜಿನಿಯರ್ ಒಬ್ಬರು, ಕಾನೂನು ಸಲಹೆಗಾರರು, ಸರ್ವಿಸ್ ವಿಭಾಗದ ಮೇಲ್ವಿಚಾರಕಿ. ಎಲ್ಲರಿಂದ ಸೇರಿ 46 ಕಾಮೆಂಟ್ ಬಂದವು. ಇಬ್ಬರು ಪಿಡಿಎಫ್ ಮೇಲೆ ಬರೆದಿದ್ದರು. ಒಬ್ಬರು ಪಠ್ಯವನ್ನು ವರ್ಡ್ ಫೈಲಿಗೆ ಹಾಕಿಕೊಂಡು ತಾವೇ ತಿದ್ದಿದ್ದರು. ಒಬ್ಬರು ಪ್ರಿಂಟ್ ತೆಗೆದು ಪೆನ್ನಿನಲ್ಲಿ ಬರೆದು ಫೋಟೊ ಕಳಿಸಿದ್ದರು. ಸರ್ವಿಸ್ ವಿಭಾಗದವರು ಫೋನ್‌ನಲ್ಲೇ ಹೇಳಿದರು, ನಾನು ಬರೆದುಕೊಂಡೆ.

ಹೆಚ್ಚಿನವರು ಇಲ್ಲಿ ಮಾಡುವ ತಪ್ಪು ಒಂದೇ. ಮೊದಲ ಫೈಲ್ ತೆರೆದು ಅದರಲ್ಲಿರುವುದನ್ನೆಲ್ಲ ಡ್ರಾಫ್ಟಿಗೆ ಹಾಕುತ್ತಾರೆ. ಆಮೇಲೆ ಎರಡನೇ ಫೈಲ್, ಆಮೇಲೆ ಮೂರನೆಯದು. ಹೀಗೆ ಮಾಡಿದರೆ ಎರಡನೆಯವರು ನೋಡದೇ ಇದ್ದ ವಾಕ್ಯಕ್ಕೆ ಎರಡನೆಯವರ ತಿದ್ದುಪಡಿ ಬೀಳುತ್ತದೆ. ಐದನೆಯವರ ಸರದಿ ಬರುವ ಹೊತ್ತಿಗೆ ಮೂಲ ವಾಕ್ಯವೇ ಇರುವುದಿಲ್ಲ. ಯಾರ ಫೈಲ್ ಕೊನೆಗೆ ತೆರೆದರೋ ಅವರ ಮಾತು ಗೆಲ್ಲುತ್ತದೆ. ಗೆದ್ದಿದ್ದಕ್ಕೆ ಕಾರಣ ಫೈಲ್ ತೆರೆದ ಕ್ರಮ ಮಾತ್ರ.

ಆ ಬ್ರೋಷರಿನ ಮುಖಪುಟದಲ್ಲಿ ಒಂದು ವಾಕ್ಯ ಇತ್ತು: "25 ವರ್ಷ ವಾರಂಟಿ ಇರುವ ಸೋಲಾರ್ ವ್ಯವಸ್ಥೆ." ಇದಕ್ಕೆ ಐವರೂ ಕಾಮೆಂಟ್ ಹಾಕಿದ್ದರು. ನಾನು ತಿದ್ದಲು ಕೂರುವ ಮೊದಲೇ ಕಂಪನಿಯ ಹುಡುಗನೊಬ್ಬ ಒಂದೊಂದಾಗಿ ಎಲ್ಲವನ್ನೂ ಸೇರಿಸಿದ್ದ. ವಾಕ್ಯ ಹೀಗಾಗಿತ್ತು: "25 ವರ್ಷಗಳ* ವಾರಂಟಿ (ಪ್ಯಾನೆಲ್‌ಗಳ ಉತ್ಪಾದನಾ ಸಾಮರ್ಥ್ಯಕ್ಕೆ ಮಾತ್ರ, ಇನ್ವರ್ಟರ್‌ಗೆ 5 ವರ್ಷ, ಷರತ್ತುಗಳು ಅನ್ವಯ) ಇರುವ ನೆಮ್ಮದಿಯ ಸೋಲಾರ್ ವ್ಯವಸ್ಥೆ." ಅವನು ಶ್ರದ್ಧೆಯಿಂದ ಕೆಲಸ ಮಾಡಿದ್ದ, ಒಬ್ಬರ ಮಾತನ್ನೂ ಬಿಟ್ಟಿರಲಿಲ್ಲ. ಆದರೂ ಆ ವಾಕ್ಯವನ್ನು ಮುಖಪುಟದಲ್ಲಿ ಯಾರೂ ಓದುವುದಿಲ್ಲ. ಹೀಗೆ ಮಾಡು ಅಂತ ಅವನಿಗೆ ಹೇಳಿಕೊಟ್ಟವರ ಮೇಲೆ ನನಗೆ ಸಿಟ್ಟು, ಅವನ ಮೇಲೆ ಅಲ್ಲ.

ನಾನು ಮೊದಲು ಮಾಡುವ ಕೆಲಸ, ಡ್ರಾಫ್ಟನ್ನು ಮುಟ್ಟದೆ ಇಡುವುದು. ಐವರೂ ನೋಡಿದ್ದು ಒಂದೇ ಆವೃತ್ತಿಯನ್ನಾ ಅಂತ ಖಚಿತ ಮಾಡಿಕೊಳ್ಳುತ್ತೇನೆ. ಇದು ಸಣ್ಣ ವಿಷಯ ಅನಿಸಬಹುದು, ಆದರೆ ಒಬ್ಬರು ಹಳೆಯ ಫೈಲಿನ ಮೇಲೆ ಕಾಮೆಂಟ್ ಹಾಕಿದ್ದರೆ ಅವರ ಅರ್ಧ ಮಾತು ಆಗಲೇ ಸರಿಹೋಗಿರುವ ವಿಷಯದ ಬಗ್ಗೆ ಇರುತ್ತದೆ. ಅದನ್ನು ಕಣ್ಣು ಮುಚ್ಚಿ ಸೇರಿಸಿದರೆ ಸರಿಯಾದದ್ದು ಮತ್ತೆ ತಪ್ಪಾಗುತ್ತದೆ. ಆಮೇಲೆ ಎಲ್ಲ ಕಾಮೆಂಟನ್ನೂ ಒಂದು ಶೀಟಿಗೆ ತರುತ್ತೇನೆ. ಅದಕ್ಕೆ ಸಾಧನಗಳಿವೆ. ವರ್ಡ್‌ನಲ್ಲಿ Review ಅಡಿ Compare ಒತ್ತಿದರೆ Combine ಸಿಗುತ್ತದೆ, ಅದು ಒಮ್ಮೆಗೆ ಎರಡು ಫೈಲ್ ಸೇರಿಸುತ್ತದೆ. ಪಿಡಿಎಫ್ ಆದರೆ ಒಬ್ಬರ ಕಾಮೆಂಟುಗಳನ್ನು ಹೊರತೆಗೆದು ಇನ್ನೊಂದು ಪ್ರತಿಗೆ ತರಬಹುದು, ಎರಡೂ ಒಂದೇ ಮೂಲದ ಪ್ರತಿಯಾಗಿದ್ದರೆ ಮಾತ್ರ. ಇಲ್ಲದಿದ್ದರೆ ಕಾಮೆಂಟ್ ಬೇರೆ ಜಾಗದಲ್ಲಿ ಹೋಗಿ ಕೂರುತ್ತದೆ. ಈ ಸಾಧನಗಳು ಎಲ್ಲವನ್ನೂ ಒಂದೇ ಕಡೆ ತೋರಿಸುತ್ತವೆ, ಅಷ್ಟೇ. ಯಾವುದು ಇರಬೇಕು ಅಂತ ಅವು ಹೇಳುವುದಿಲ್ಲ. ಪೆನ್ನಿನಲ್ಲಿ ಬರೆದದ್ದು, ಫೋನಿನಲ್ಲಿ ಹೇಳಿದ್ದು ಹೇಗೂ ಕೈಯಿಂದಲೇ ಶೀಟಿಗೆ ಬರಬೇಕು.

ಆ ಶೀಟಿನಲ್ಲಿ ಒಂದು ಕಾಮೆಂಟಿಗೆ ಒಂದು ಸಾಲು. ಯಾವ ಮುಖ, ಯಾವ ವಾಕ್ಯ, ಹೇಳಿದವರು ಯಾರು, ಅವರದೇ ಮಾತಿನಲ್ಲಿ ಏನು ಹೇಳಿದರು. ಅವರದೇ ಮಾತು ಅಂತ ಒತ್ತಿ ಹೇಳುತ್ತೇನೆ, ಯಾಕೆಂದರೆ ನಾವು ಸಂಕ್ಷಿಪ್ತ ಮಾಡುವಾಗ ಅದರೊಳಗಿನ ಕಾರಣ ಬಿದ್ದುಹೋಗುತ್ತದೆ. "ವಾರಂಟಿ ಸಾಲು ತೆಗೆಯಿರಿ" ಅಂತ ನಾನು ಬರೆದುಕೊಂಡರೆ ಒಂದು ಅರ್ಥ. "ಈ ಸಾಲು ಹೀಗೇ ಇದ್ದರೆ ಇನ್ವರ್ಟರ್ ಕೆಟ್ಟಾಗ ಜನ ಇದನ್ನೇ ತಂದು ತೋರಿಸುತ್ತಾರೆ, ತೆಗೆಯಿರಿ" ಅಂತ ಪೂರ್ತಿ ಇದ್ದರೆ ಬೇರೆಯೇ ಅರ್ಥ. ಎರಡನೆಯದರಲ್ಲಿ ನಾನು ಕೆಲಸ ಮಾಡಬಹುದು.

ಇನ್ನು ಮುಖ್ಯ ವಿಷಯ. ಎಷ್ಟು ಸಲ ಹೇಳಿದರೂ ಕೆಲಸ ಕೊಡುವವರು ಮತ್ತೆ ಮತ್ತೆ ಮರೆಯುವುದು ಇದನ್ನೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಪ್ರತಿ ಕಾಮೆಂಟಿನಲ್ಲೂ ಎರಡು ಸಂಗತಿ ಇರುತ್ತವೆ: ಒಂದು ನೋವು, ಒಂದು ಮದ್ದು. ಓದಿದವರಿಗೆ ಏನೋ ಚುಚ್ಚಿತು, ಅದು ನೋವು. ಅದಕ್ಕೆ ಅವರಿಗೆ ಹೊಳೆದ ಪರಿಹಾರ, ಅದು ಮದ್ದು. ಜನ ಸಾಮಾನ್ಯವಾಗಿ ಮದ್ದನ್ನು ಮಾತ್ರ ಬರೆದು ಕಳಿಸುತ್ತಾರೆ. "ದೊಡ್ಡದು ಮಾಡಿ", "ತೆಗೆಯಿರಿ", "ಮೇಲಕ್ಕೆ ತನ್ನಿ", "ಕಡಿಮೆ ಮಾಡಿ". ಜಗಳ ಕಾಣುವುದು ಮದ್ದುಗಳ ನಡುವೆ. ನೋವುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅಷ್ಟು ಜಗಳ ಇರುವುದೇ ಇಲ್ಲ. ಹಾಗಾಗಿ ಶೀಟಿನಲ್ಲಿ ನಾನು ಇನ್ನೆರಡು ಅಂಕಣ ಹಾಕುತ್ತೇನೆ, ಒಂದು ನೋವಿಗೆ, ಒಂದು ಮದ್ದಿಗೆ. ನೋವಿನ ಅಂಕಣ ಖಾಲಿ ಇದ್ದರೆ ಫೋನ್ ಮಾಡಿ ಕೇಳುತ್ತೇನೆ. ಊಹಿಸಿ ತುಂಬುವುದಿಲ್ಲ.

ವಾರಂಟಿಯ ವಾಕ್ಯಕ್ಕೆ ಬಂದ ಐದು ಮದ್ದುಗಳನ್ನು ನೋಡಿ. ಮಾರಾಟ ಮುಖ್ಯಸ್ಥರು: "25 ಅನ್ನು ಇನ್ನೂ ದೊಡ್ಡ ಅಕ್ಷರದಲ್ಲಿ ಹಾಕಿ." ಕಾನೂನು ಸಲಹೆಗಾರರು: "ಷರತ್ತು ಪಕ್ಕದಲ್ಲೇ ಇರಲಿ, ಇಲ್ಲವೇ ತೆಗೆಯಿರಿ." ಎಂಜಿನಿಯರ್: "ಇದು ತಪ್ಪು." ಸರ್ವಿಸ್ ಮೇಲ್ವಿಚಾರಕಿ: "ಮುಖಪುಟದಲ್ಲಿ ಬೇಡ." ಎಂ.ಡಿ. ಈ ಸಾಲಿನ ಪಕ್ಕ "ಚುಟುಕಾಗಿ ಹೇಳಿ" ಅಂತ ಬರೆದು, ಒಳಗಿನ ವಾರಂಟಿ ಪ್ಯಾರಾಗೆ ಅಡ್ಡಗೆರೆ ಎಳೆದು "ಓದೋಕೆ ಆಗಲ್ಲ, ಅರ್ಧ ಮಾಡಿ" ಅಂದಿದ್ದರು. ಮೇಲ್ನೋಟಕ್ಕೆ ಇವು ಒಂದಕ್ಕೊಂದು ಕೂಡುವುದೇ ಇಲ್ಲ, ಅಲ್ವಾ? ಒಬ್ಬರಿಗೆ ದೊಡ್ಡದಾಗಬೇಕು, ಒಬ್ಬರಿಗೆ ಇರಲೇಬಾರದು. ಒಬ್ಬರಿಗೆ ವಿವರ ಜಾಸ್ತಿ ಬೇಕು, ಒಬ್ಬರಿಗೆ ಕಡಿಮೆ.

ಫೋನ್ ಮಾಡಿದೆ. ಎಂಜಿನಿಯರ್ ಹೇಳಿದರು, "ನೋಡಿ, 25 ವರ್ಷ ಅನ್ನೋದು ಪ್ಯಾನೆಲ್ ಎಷ್ಟು ವಿದ್ಯುತ್ ಕೊಡುತ್ತೆ ಅನ್ನೋದಕ್ಕೆ. ಕೊನೆಗೆ ಮೊದಲಿನ ಶೇ 80ರಷ್ಟಾದರೂ ಕೊಡಬೇಕು ಅಂತ. ಪ್ಯಾನೆಲ್‌ನ ತಯಾರಿಕೆ ದೋಷಕ್ಕೆ 12 ವರ್ಷ. ಇನ್ವರ್ಟರ್‌ಗೆ 5 ವರ್ಷ. 'ವ್ಯವಸ್ಥೆ'ಗೆ 25 ವರ್ಷ ಅಂದರೆ ಮೂರನ್ನೂ ಸೇರಿಸಿದ ಹಾಗಾಯ್ತು." ಸರ್ವಿಸ್ ಮೇಲ್ವಿಚಾರಕಿಯ ಮಾತು ಇನ್ನೂ ನೇರವಾಗಿತ್ತು. "ಆರನೇ ವರ್ಷ ಇನ್ವರ್ಟರ್ ನಿಂತಾಗ ಫೋನ್ ಬರೋದು ನಮಗೆ ಸರ್. ಹಳೇ ಬ್ರೋಷರ್ ಹಿಡ್ಕೊಂಡು ಮಾತಾಡ್ತಾರೆ. ಅವರ ತಪ್ಪೇನೂ ಇಲ್ಲ, ಹಾಗೇ ಬರೆದಿದೀವಲ್ಲ." ಮಾರಾಟ ಮುಖ್ಯಸ್ಥರ ಕಾರಣ ಬೇರೆ. ಮನೆಗೆ ಹೋದಾಗ ಮೊದಲು ಬರುವ ಪ್ರಶ್ನೆಯೇ "ಇದು ಎಷ್ಟು ವರ್ಷ ಬಾಳಿಕೆ ಬರುತ್ತೆ?" ಅಂತೆ. ಉತ್ತರ ಕಣ್ಣಿಗೆ ಬೀಳದಿದ್ದರೆ ಬ್ರೋಷರ್ ಕೊಟ್ಟೂ ಪ್ರಯೋಜನ ಇಲ್ಲ ಅಂದರು. ಕಾನೂನು ಸಲಹೆಗಾರರಿಗೆ ಇದ್ದ ಚಿಂತೆ, ದೊಡ್ಡ ಭರವಸೆ ಒಂದು ಕಡೆ, ಅದರ ಮಿತಿ ಕಣ್ಣಿಗೆ ಬೀಳದ ಇನ್ನೊಂದು ಕಡೆ ಇರುವುದು. ಎಂ.ಡಿ.ಯವರಿಗೆ ಉದ್ದ ಪ್ಯಾರಾ ಕಂಡರೆ ಆಗುವುದಿಲ್ಲ.

ಈಗ ನೋವುಗಳನ್ನು ಸೇರಿಸಿ ನೋಡಿ. ನಾಲ್ವರು ಒಂದೇ ಪ್ರಶ್ನೆಯ ಸುತ್ತ ನಿಂತಿದ್ದಾರೆ: ಯಾವ ಭಾಗಕ್ಕೆ ಎಷ್ಟು ವರ್ಷ? ಐದನೆಯವರು, ಅಂದರೆ ಎಂ.ಡಿ., ಆ ಉತ್ತರ ಚಿಕ್ಕದಾಗಿರಲಿ ಅನ್ನುತ್ತಿದ್ದಾರೆ. ಜಗಳ ಎಲ್ಲಿದೆ?

ನಾವು ಮಾಡಿದ್ದು ಇಷ್ಟು. ಮುಖಪುಟದಲ್ಲಿ "25 ವರ್ಷ" ದೊಡ್ಡ ಅಕ್ಷರದಲ್ಲೇ ಉಳಿಯಿತು. ಅದರ ಕೆಳಗೇ, ಓದಲು ಆಗುವ ಗಾತ್ರದಲ್ಲಿ, "ಪ್ಯಾನೆಲ್‌ಗಳ ವಿದ್ಯುತ್ ಉತ್ಪಾದನೆಗೆ ವಾರಂಟಿ. ಉಳಿದ ಭಾಗಗಳಿಗೆ ಎಷ್ಟು ಎಂದು ಒಳಗೆ ನೋಡಿ." ಒಳಗಿನ ಪ್ಯಾರಾ ಪೂರ್ತಿ ಹೋಯಿತು. ಆ ಜಾಗದಲ್ಲಿ ಮೂರು ಸಾಲಿನ ಪಟ್ಟಿ: ಪ್ಯಾನೆಲ್ ಉತ್ಪಾದನೆ 25 ವರ್ಷ, ಪ್ಯಾನೆಲ್ ತಯಾರಿಕೆ ದೋಷ 12 ವರ್ಷ, ಇನ್ವರ್ಟರ್ 5 ವರ್ಷ. ಪಟ್ಟಿಯ ಕೆಳಗೆ ಒಂದೇ ವಾಕ್ಯ, 25 ವರ್ಷದ ಕೊನೆಗೆ ಕನಿಷ್ಠ ಎಷ್ಟು ಉತ್ಪಾದನೆ ಅಂತ. ಪ್ಯಾರಾಗಿಂತ ಪಟ್ಟಿಯಲ್ಲಿ ಪದ ಕಡಿಮೆ, ವಿವರ ಜಾಸ್ತಿ. ಎಂ.ಡಿ. ಕೇಳಿದ್ದೂ ಆಯಿತು, ಎಂಜಿನಿಯರ್ ಕೇಳಿದ್ದೂ ಆಯಿತು. ಸರ್ವಿಸ್ ಮೇಲ್ವಿಚಾರಕಿ "ಮುಖಪುಟದಲ್ಲಿ ಬೇಡ" ಅಂದ ಮದ್ದನ್ನು ನಾವು ತೆಗೆದುಕೊಳ್ಳಲಿಲ್ಲ, ಆದರೆ ಅವರ ನೋವು ಹೋಯಿತು. ಅವರಿಗೇ ಓದಿ ಕೇಳಿಸಿದೆ. "ಹೀಗಿದ್ರೆ ನನ್ನ ಹುಡುಗರಿಗೆ ಬೈಗುಳ ತಪ್ಪುತ್ತೆ" ಅಂದರು.

ಇಲ್ಲಿ ಒಂದು ಎಚ್ಚರಿಕೆ. ವಾರಂಟಿ, ಬೆಲೆ, ಉಳಿತಾಯದಂಥ ಭರವಸೆಯ ಮಾತುಗಳನ್ನು ನಾನು ಎಷ್ಟೇ ಚೆನ್ನಾಗಿ ಹೊಂದಿಸಿದರೂ, ಹೊಂದಿಸಿದ ಆ ಹೊಸ ವಾಕ್ಯವನ್ನು ಕಾನೂನು ಸಲಹೆಗಾರರು ಮತ್ತೊಮ್ಮೆ ನೋಡಲೇಬೇಕು. ಅವರು ಮೊದಲು ಒಪ್ಪಿದ್ದು ಬೇರೆ ವಾಕ್ಯವನ್ನು. ನಿಯಮಗಳು ಎಲ್ಲ ಕಡೆ ಒಂದೇ ಇರುವುದಿಲ್ಲ, ಮುಖಪುಟದ ಆ ಒಂದು ಸಾಲಿನ ಸೂಚನೆ ಸಾಕೇ ಎಂಬುದು ಅವರು ಹೇಳಬೇಕಾದ ಮಾತು, ನಾನು ಹೇಳಬೇಕಾದದ್ದಲ್ಲ.

ಎಲ್ಲ ಭಿನ್ನಾಭಿಪ್ರಾಯವೂ ಹೀಗೆ ನೋವು ಬಿಡಿಸಿದ ಕೂಡಲೇ ಕರಗುವುದಿಲ್ಲ. ಆ 46 ಕಾಮೆಂಟುಗಳಲ್ಲಿ 14 ಬರೀ ಕಾಗುಣಿತ, ತಪ್ಪು ಫೋನ್ ನಂಬರ್, ಬಿಟ್ಟುಹೋದ ಚುಕ್ಕೆ. ಅವಕ್ಕೆ ಚರ್ಚೆ ಬೇಡ, ಸುಮ್ನೆ ತಿದ್ದುವುದು. ಉಳಿದ 32ನ್ನು ವ್ಯಕ್ತಿಗಳ ಪ್ರಕಾರ ಬಿಟ್ಟು ಪ್ರಶ್ನೆಗಳ ಪ್ರಕಾರ ಗುಂಪು ಮಾಡಿದಾಗ 11 ಪ್ರಶ್ನೆ ಆದವು. ಎಂಟರಲ್ಲಿ ವಿರೋಧವೇ ಇರಲಿಲ್ಲ, ಬೇರೆ ಬೇರೆ ಜನ ಒಂದನ್ನೇ ಬೇರೆ ಮಾತಿನಲ್ಲಿ ಹೇಳಿದ್ದರು. ನಿಜವಾಗಿ ಕೂತು ಯೋಚಿಸಬೇಕಾದದ್ದು ಮೂರು. ವಾರಂಟಿ ಒಂದು. ಇನ್ನೆರಡು ಬೇರೆ ಜಾತಿಯವು.

ಎರಡನೆಯದು ಸತ್ಯಾಂಶದ ಪ್ರಶ್ನೆ. "ಕರೆಂಟ್ ಬಿಲ್ ಸೊನ್ನೆ" ಅಂತ ಹಾಕಿ ಅಂದರು ಮಾರಾಟದವರು. ಎಂಜಿನಿಯರ್ ಬೇಡವೇ ಬೇಡ ಅಂದರು. ಚಾವಣಿಗೆ ಎಷ್ಟು ಬಿಸಿಲು ಬೀಳುತ್ತದೆ, ಎಲ್ಲಿ ನೆರಳು, ಮನೆಯವರು ಎಷ್ಟು ಬಳಸುತ್ತಾರೆ ಎಂಬುದರ ಮೇಲೆ ಬಿಲ್ ನಿಲ್ಲುತ್ತದೆ, ಎಲ್ಲರಿಗೂ ಸೊನ್ನೆ ಅಂತ ಹೇಳಲು ಆಗುವುದಿಲ್ಲ ಎಂಬುದು ಅವರ ಕಾರಣ. ಇಲ್ಲಿ ಮಧ್ಯದ ದಾರಿ ಹುಡುಕಬಾರದು. "ಹೆಚ್ಚುಕಡಿಮೆ ಸೊನ್ನೆ" ಅಂತ ಬರೆದರೆ ಇಬ್ಬರಿಗೂ ಅರ್ಧರ್ಧ ಕೊಟ್ಟ ಹಾಗೆ ಕಾಣುತ್ತದೆ, ಆದರೆ ಅದು ಅಷ್ಟೇ ತಪ್ಪು. ಯಾವ ವಿಷಯಕ್ಕೆ ಯಾರ ಮಾತು ಕೊನೆ ಎಂಬುದು ಇಂಥ ಹೊತ್ತಿನಲ್ಲಿ ಬೇಕಾಗುತ್ತದೆ.

ಇದನ್ನು ಕೆಲಸ ಶುರುವಾಗುವ ಮೊದಲೇ ಬರೆದಿಟ್ಟುಕೊಳ್ಳಿ ಅಂತ ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ವಸ್ತು ಹೇಗೆ ಕೆಲಸ ಮಾಡುತ್ತದೆ ಎಂಬ ವಿಷಯದಲ್ಲಿ ಎಂಜಿನಿಯರ್ ಮಾತು ಕೊನೆ. ಯಾವುದನ್ನು ಹೇಳಬಾರದು ಎಂಬುದರಲ್ಲಿ ಕಾನೂನು ಸಲಹೆಗಾರರದು. ಓದುಗ ಮೊದಲು ಏನು ಕೇಳುತ್ತಾನೆ, ಯಾವುದು ಮುಂದೆ ಬರಬೇಕು ಎಂಬುದರಲ್ಲಿ ಮಾರಾಟದವರದು. ಕೊಂಡ ಮೇಲೆ ಜನ ಎಲ್ಲಿ ಎಡವುತ್ತಾರೆ ಎಂಬುದು ಸರ್ವಿಸ್‌ನವರಿಗೆ ಗೊತ್ತು. ಬ್ರೋಷರ್ ಯಾರಿಗಾಗಿ, ಯಾಕೆ ಎಂಬುದು ಎಂ.ಡಿ. ಹೇಳಬೇಕಾದ್ದು. ಭಾಷೆ, ವಾಕ್ಯ, ಉದ್ದ ಇವು ಬರೆಯುವವರ ಕೈಯಲ್ಲಿರಲಿ. ಕಾನೂನು ಸಲಹೆಗಾರರು "ಈ ಮಾತು ಹೇಳುವ ಹಾಗಿಲ್ಲ" ಅಂದರೆ ನಾನು ತಲೆಬಾಗುತ್ತೇನೆ. ಅವರೇ ಬರೆದುಕೊಟ್ಟ ನಾಲ್ಕು ಸಾಲಿನ ವಾಕ್ಯವನ್ನು ಹಾಗೇ ಹಾಕಲೇಬೇಕು ಅಂತೇನಿಲ್ಲ. ಅರ್ಥ ಉಳಿಸಿಕೊಂಡು ಸರಳ ಮಾಡಿ, ಮತ್ತೆ ಅವರಿಗೆ ತೋರಿಸುತ್ತೇನೆ. ಸಾಮಾನ್ಯವಾಗಿ ಒಪ್ಪುತ್ತಾರೆ.

ಹುದ್ದೆ ನೋಡಿ ತೀರ್ಮಾನಿಸುವವರೂ ಇದ್ದಾರೆ, ಎಂ.ಡಿ. ಹೇಳಿದ್ದೇ ಸರಿ ಅಂತ. ಕೈ ಎತ್ತಿಸಿ ಎಣಿಸುವವರೂ ಇದ್ದಾರೆ, ಮೂರು ಜನ ಹೇಳಿದರು, ಹಾಗಾಗಿ ಸರಿ ಅಂತ. ಇನ್ವರ್ಟರ್ ವಾರಂಟಿ ಎಷ್ಟು ವರ್ಷ ಎಂಬುದಕ್ಕೆ ಬಹುಮತದ ಉತ್ತರ ಇರುವುದಿಲ್ಲ. ಬಿಲ್ಲಿನ ವಿಷಯದಲ್ಲಿ ಎಂಜಿನಿಯರ್ ಮಾತನ್ನೇ ಇಟ್ಟುಕೊಂಡೆವು. ಮಾರಾಟದವರ ನೋವು, ಅಂದರೆ ಉಳಿತಾಯ ಕಣ್ಣಿಗೆ ಕಾಣಬೇಕು ಅನ್ನುವುದು, ನ್ಯಾಯವಾದದ್ದೇ. ಅದಕ್ಕಾಗಿ ಒಂದು ಮಾದರಿ ಮನೆಯ ಲೆಕ್ಕವನ್ನು, ತಿಂಗಳಿಗೆ ಎಷ್ಟು ಯೂನಿಟ್ ಬಳಕೆ, ಎಷ್ಟು ಉತ್ಪಾದನೆ ಅಂತ, ಎಂಜಿನಿಯರ್ ಕೈಯಲ್ಲೇ ಮಾಡಿಸಿ ಹಾಕಿದೆವು.

ಮೂರನೆಯ ಪ್ರಶ್ನೆ ಗಟ್ಟಿ. ಎಂ.ಡಿ. ಮನಸ್ಸಿನಲ್ಲಿ ಇದು ಸ್ವಂತ ಮನೆ ಇರುವವರಿಗೆ ಬ್ರೋಷರ್. ಮಾರಾಟ ಮುಖ್ಯಸ್ಥರು ಅಲ್ಲಲ್ಲಿ "ಅಪಾರ್ಟ್‌ಮೆಂಟ್ ಸಂಘಗಳು", "ಸಾಮಾನ್ಯ ಬಳಕೆಯ ದೀಪ, ಲಿಫ್ಟ್" ಅಂತ ಸೇರಿಸುತ್ತಾ ಹೋಗಿದ್ದರು. ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ಸಣ್ಣ ತಿದ್ದುಪಡಿ, ಸೇರಿಸಿದರೆ ನಷ್ಟ ಏನು ಅನಿಸುತ್ತದೆ. ಒಟ್ಟಿಗೆ ನೋಡಿದರೆ ಅವು ಬ್ರೋಷರಿನ ಓದುಗನನ್ನೇ ಬದಲಿಸುತ್ತಿದ್ದವು. ಸಂಘದಲ್ಲಿ ತೀರ್ಮಾನ ಮಾಡುವವರು ಹಲವರು, ಅವರ ಪ್ರಶ್ನೆಗಳು ಬೇರೆ, ಚಾವಣಿಯ ಹಕ್ಕು ಯಾರದು ಎಂಬುದರಿಂದಲೇ ಮಾತು ಶುರುವಾಗುತ್ತದೆ. ಆರು ಮುಖದಲ್ಲಿ ಇಬ್ಬರಿಗೂ ಉತ್ತರ ಕೊಡಲು ಜಾಗ ಇಲ್ಲ. ಇಂಥದ್ದನ್ನು ಬರೆಯುವವರು ತಮ್ಮ ಟೇಬಲ್ ಮೇಲೆ ಬಗೆಹರಿಸಲು ಹೋಗಬಾರದು. ಐವರನ್ನೂ ಕೂರಿಸಿ ಮೀಟಿಂಗ್ ಮಾಡಿದರೂ ಮುಗಿಯುವುದಿಲ್ಲ. ತೀರ್ಮಾನಿಸುವ ಒಬ್ಬರಿಗೆ ಒಂದೇ ಪ್ರಶ್ನೆಯಾಗಿ ಕಳಿಸಬೇಕು.

ನಾನು ಕಳಿಸಿದ ಟಿಪ್ಪಣಿ ಅರ್ಧ ಪುಟವೂ ಇರಲಿಲ್ಲ. "ಸರ್, ಈ ಬ್ರೋಷರ್ ಓದುವವರು ಮನೆ ಮಾಲೀಕರೋ, ಅಪಾರ್ಟ್‌ಮೆಂಟ್ ಸಂಘದವರೋ? ಮನೆ ಮಾಲೀಕರಾದರೆ ಸಂಘಗಳ ಉಲ್ಲೇಖ ಎಲ್ಲ ಹೋಗುತ್ತದೆ, ಅವರಿಗೆ ಬೇರೆ ಒಂದು ಹಾಳೆ ಬೇಕಾಗುತ್ತದೆ. ಇಬ್ಬರೂ ಆದರೆ ಮಾದರಿ ಲೆಕ್ಕ ಮತ್ತು ಕೂರಿಸುವ ಹಂತಗಳ ಭಾಗ ತೆಗೆಯಬೇಕಾಗುತ್ತದೆ. ನನ್ನ ಸಲಹೆ ಮೊದಲನೆಯದು. ಗುರುವಾರದೊಳಗೆ ತಿಳಿಸಿ." ಪ್ರಶ್ನೆ, ಎರಡು ದಾರಿ, ಪ್ರತಿ ದಾರಿಯಲ್ಲಿ ಕಳೆದುಕೊಳ್ಳುವುದೇನು, ನನ್ನ ಸಲಹೆ, ದಿನಾಂಕ. ಕಳೆದುಕೊಳ್ಳುವುದೇನು ಅಂತ ಬರೆಯದಿದ್ದರೆ ಉತ್ತರ "ಎರಡೂ ಇರಲಿ" ಅಂತಲೇ ಬರುತ್ತದೆ. ಅದನ್ನು ಬರೆದಿದ್ದಕ್ಕೇ ಅವರು ಮನೆ ಮಾಲೀಕರು ಅಂತ ಆರಿಸಿದರು. ಮಾರಾಟ ಮುಖ್ಯಸ್ಥರಿಗೂ ಬೇಸರವಾಗಲಿಲ್ಲ, ಅವರಿಗೆ ಬೇರೆ ಹಾಳೆ ಸಿಗುವುದಿತ್ತು.

ತೀರ್ಮಾನಗಳು ಆದ ಮೇಲೂ ನಾನು ಡ್ರಾಫ್ಟ್ ಮುಟ್ಟುವುದಿಲ್ಲ. ಮೊದಲು 11 ಪ್ರಶ್ನೆಗೂ ಏನು ತೀರ್ಮಾನ, ಯಾಕೆ ಎಂಬ ಒಂದು ಪಟ್ಟಿ ಐವರಿಗೂ ಒಟ್ಟಿಗೆ ಹೋಗುತ್ತದೆ. ತೆಗೆದುಕೊಳ್ಳದ ಸಲಹೆಗಳಿಗೆ ಕಾರಣ ಕಡ್ಡಾಯ. ಜನ ತಮ್ಮ ಮಾತು ಬಿದ್ದುಹೋಗಿದ್ದಕ್ಕೆ ಅಷ್ಟು ನೊಂದುಕೊಳ್ಳುವುದಿಲ್ಲ, ಅದನ್ನು ಓದಿಯೇ ಇಲ್ಲ ಅನಿಸಿದಾಗ ನೊಂದುಕೊಳ್ಳುತ್ತಾರೆ. ಆಗಲೇ ಅದೇ ಕಾಮೆಂಟ್ ಮುಂದಿನ ಸುತ್ತಿನಲ್ಲಿ ಇನ್ನೂ ಜೋರಾಗಿ ವಾಪಸ್ ಬರುತ್ತದೆ. ಎರಡು ದಿನ ಸಮಯ ಕೊಟ್ಟು, ಈ ತೀರ್ಮಾನಗಳಲ್ಲಿ ತಪ್ಪಿದ್ದರೆ ಹೇಳಿ ಅಂತ ಕೇಳುತ್ತೇನೆ. ಉತ್ತರ ಕೊಡದವರಲ್ಲಿ ಯಾರಿಂದ ಬಾಯಿಬಿಟ್ಟು ಒಪ್ಪಿಗೆ ಬೇಕೇ ಬೇಕು ಅಂತ ನೋಡಿ, ಅವರಿಗೆ ಮಾತ್ರ ಫೋನ್ ಮಾಡುತ್ತೇನೆ. ಕಾನೂನು ಮತ್ತು ಸತ್ಯಾಂಶದ ವಿಷಯದಲ್ಲಿ ಮೌನವನ್ನು ಒಪ್ಪಿಗೆ ಅಂದುಕೊಳ್ಳುವುದು ಅಪಾಯ.

ಆಮೇಲೆ ತಿದ್ದುವುದು ಒಬ್ಬರೇ, ಒಂದೇ ಸಲ, ಮೂಲ ಡ್ರಾಫ್ಟಿನ ಮೇಲೆ. ಈ ಹಂತದಲ್ಲಿ ಬಹುತೇಕರು ಮರೆಯುವ ಒಂದು ಕೆಲಸ ಇದೆ. ಜನ ಕಾಮೆಂಟ್ ಹಾಕುವುದು ತಮ್ಮ ಕಣ್ಣಿಗೆ ಬಿದ್ದ ಜಾಗಕ್ಕೆ. ಅದೇ ಮಾತು ಬೇರೆ ಕಡೆ ಇದ್ದರೆ ಅಲ್ಲಿ ಯಾರೂ ಏನೂ ಬರೆದಿರುವುದಿಲ್ಲ. 25 ವರ್ಷದ ಮಾತು ಆ ಬ್ರೋಷರಿನಲ್ಲಿ ಮುಖಪುಟ ಮತ್ತು ಒಳಗಿನ ಪ್ಯಾರಾ ಬಿಟ್ಟು ಇನ್ನೂ ಮೂರು ಕಡೆ ಇತ್ತು. ಪ್ರಶ್ನೋತ್ತರದಲ್ಲಿ "ಕೆಟ್ಟರೆ ಏನು ಗತಿ?" ಎಂಬುದಕ್ಕೆ "ಇಪ್ಪತ್ತೈದು ವರ್ಷ ಚಿಂತೆ ಬೇಡ" ಎಂಬ ಉತ್ತರ ಇತ್ತು. ಅಕ್ಷರದಲ್ಲಿ ಬರೆದದ್ದರಿಂದ 25 ಅಂತ ಹುಡುಕಿದರೆ ಸಿಗುತ್ತಿರಲಿಲ್ಲ. ಒಂದು ಫೋಟೊದ ಅಡಿಬರಹದಲ್ಲಿತ್ತು. ಹಿಂಬದಿಯಲ್ಲಿ ಲೋಗೋ ಜೊತೆ ಚಿತ್ರವಾಗಿ ಸೇರಿದ್ದ "25 ವರ್ಷದ ನೆಮ್ಮದಿ" ಎಂಬ ಸಾಲು ಇತ್ತು, ಅದು ಚಿತ್ರವಾದ್ದರಿಂದ ಹುಡುಕಾಟದಲ್ಲಿ ಬರುವುದೇ ಇಲ್ಲ. ಮುಖಪುಟ ಸರಿಮಾಡಿ ಇವನ್ನು ಬಿಟ್ಟಿದ್ದರೆ ಬ್ರೋಷರ್ ತನ್ನನ್ನೇ ಅಲ್ಲಗಳೆಯುತ್ತಿತ್ತು. ಸರ್ವಿಸ್ ಮೇಲ್ವಿಚಾರಕಿಯ ಹುಡುಗರಿಗೆ ಬೈಗುಳ ತಪ್ಪುತ್ತಿರಲಿಲ್ಲ. ಹಾಗಾಗಿ ಶೀಟಿನ ಕೊನೆಯ ಅಂಕಣ ಇದಕ್ಕೇ ಮೀಸಲು: ಈ ತೀರ್ಮಾನ ಇನ್ನೆಲ್ಲಿ ತಾಗುತ್ತದೆ? ಅಂಕಿಯಲ್ಲಿ ಹುಡುಕಿ, ಅಕ್ಷರದಲ್ಲಿ ಹುಡುಕಿ, ಆಮೇಲೆ ಪ್ರಿಂಟ್ ತೆಗೆದು ಕಣ್ಣಿನಿಂದ ಹುಡುಕಿ.

ಜಾಗದ ಲೆಕ್ಕವನ್ನೂ ಇಲ್ಲೇ ನೋಡಬೇಕು. ಎ4 ಹಾಳೆಯನ್ನು ಒಳಕ್ಕೆ ಮಡಚುವ ಬ್ರೋಷರಿನಲ್ಲಿ ಒಳಗೆ ಸೇರಿಕೊಳ್ಳುವ ಮುಖ ಉಳಿದೆರಡಕ್ಕಿಂತ ಎರಡು ಮೂರು ಮಿಲಿಮೀಟರ್ ಕಿರಿದು. 297 ಮಿಲಿಮೀಟರನ್ನು 100, 100, 97 ಅಂತ ಹಂಚುವುದು ರೂಢಿ. ವಾರಂಟಿ ಪಟ್ಟಿಯನ್ನು ಅಗಲ ಮುಖಕ್ಕೆ ಅಂತ ಮಾಡಿ, ಆಮೇಲೆ ಯಾರೋ ಕಿರಿದಾದ ಮುಖಕ್ಕೆ ಸರಿಸಿದರೆ ಅಂಚಿನ ಅಕ್ಷರ ಮಡಿಕೆಗೆ ಬರುತ್ತದೆ. ಒಬ್ಬರ ಮಾತಿಗೆ ಎರಡು ಸಾಲು ಸೇರಿದರೆ ಎಲ್ಲಿಂದಲೋ ಎರಡು ಸಾಲು ಹೋಗಲೇಬೇಕು, ಅದು ಯಾವುದು ಅಂತ ತೀರ್ಮಾನದ ಪಟ್ಟಿಯಲ್ಲೇ ಇರಬೇಕು. ಅಕ್ಷರ ಚಿಕ್ಕದು ಮಾಡಿ ತುರುಕಿದರೆ ಓದುವವರ ಕಣ್ಣಿಗೆ ತೊಂದರೆ.

ಸೇರಿಸುವ ಕೆಲಸ ಸರಿಯಾಗಿಲ್ಲ ಅಂತ ಗೊತ್ತಾಗುವುದು ಹೇಗೆ ಅಂತ ಕೇಳುತ್ತಾರೆ. ಬ್ರೋಷರನ್ನು ಮೊದಲ ಸಲ ನೋಡುವ ಒಬ್ಬರಿಗೆ ಕೊಟ್ಟು ಜೋರಾಗಿ ಓದಿಸಿ. ಒಂದು ಕಡೆ "ನೀವು" ಅಂತ ಮಾತಾಡುತ್ತಿದ್ದ ಬ್ರೋಷರ್ ಇನ್ನೊಂದು ಕಡೆ "ಗ್ರಾಹಕರು" ಅಂತ ದೂರ ಸರಿದರೆ ಅಲ್ಲಿ ಎರಡು ಕೈ ಆಡಿವೆ. ಒಂದೇ ವಸ್ತು ಒಮ್ಮೆ ಪ್ಯಾನೆಲ್, ಒಮ್ಮೆ ಫಲಕ ಆದರೂ ಅದೇ ಕಥೆ. ಒಂದೇ ವಾಕ್ಯದಲ್ಲಿ "ಆದರೆ", "ಹಾಗೂ", "ಮಾತ್ರ" ಒಟ್ಟಿಗೆ ಬಂದರೆ ಅದು ಮೂವರನ್ನು ಸಮಾಧಾನ ಮಾಡಲು ಬರೆದ ವಾಕ್ಯ. "ಕೆಳಗಿನ ಪಟ್ಟಿ ನೋಡಿ" ಅಂತ ಇದೆ, ಕೆಳಗೆ ಪಟ್ಟಿ ಇಲ್ಲ ಅಂದರೆ ಯಾರದೋ ಮಾತಿಗೆ ಪಟ್ಟಿ ತೆಗೆದವರು ಈ ಸಾಲನ್ನು ಓದಿಲ್ಲ.

ಕೊನೆಗೆ ಒಂದು ತೊಂದರೆ ಉಳಿಯುತ್ತದೆ, ತಡವಾಗಿ ಬರುವ ಕಾಮೆಂಟ್. ತೀರ್ಮಾನಗಳೆಲ್ಲ ಆಗಿ, ವಿನ್ಯಾಸ ಮುಗಿದು, ಮುದ್ರಕರ ಪ್ರೂಫ್ ಬಂದಾಗ ಒಬ್ಬರಿಗೆ ಹೊಸ ಯೋಚನೆ ಬರುತ್ತದೆ. ಕೆಲವೊಮ್ಮೆ ಅದು ಒಳ್ಳೆಯ ಯೋಚನೆಯೇ ಆಗಿರುತ್ತದೆ. ಆ ಬ್ರೋಷರಿಗೂ ಪ್ರೂಫ್ ದಿನ ಎರಡು ಬಂದವು. ಎಂಜಿನಿಯರ್ ಮಾದರಿ ಲೆಕ್ಕದಲ್ಲಿ ಯೂನಿಟ್ ಅಂಕಿ ಒಂದು ತಪ್ಪಿದೆ ಅಂದರು. ಅದನ್ನು ತಕ್ಷಣ ತಿದ್ದಿ, ಅದು ಬರುವ ಬೇರೆ ಜಾಗವನ್ನೂ ನೋಡಿ, ಹೊಸ ಪ್ರೂಫ್ ತರಿಸಿದೆವು. ಮಾರಾಟ ಮುಖ್ಯಸ್ಥರು ಮುಖಪುಟದ ಫೋಟೊದಲ್ಲಿ ಇನ್ನೂ ದೊಡ್ಡ ಮನೆ ಇದ್ದರೆ ಚೆನ್ನ ಅಂದರು. ಸುಳ್ಳು, ಕಾನೂನಿನ ತೊಡಕು, ತಪ್ಪು ಫೋನ್ ನಂಬರ್ ಬಿಟ್ಟು ಬೇರೆ ಯಾವುದನ್ನೂ ಪ್ರೂಫ್ ಹಂತದಲ್ಲಿ ಮುಟ್ಟುವುದಿಲ್ಲ ಅಂತ ಮೊದಲೇ ಮಾತಾಗಿತ್ತು. ಅವರ ಸಲಹೆಯನ್ನು ಅದೇ ಶೀಟಿನ ಕೆಳಗೆ "ಮುಂದಿನ ಮುದ್ರಣಕ್ಕೆ" ಎಂಬ ತಲೆಬರಹದಡಿ ಅವರ ಮಾತಿನಲ್ಲೇ ಬರೆದು, ಬರೆದದ್ದನ್ನು ಅವರಿಗೆ ಕಳಿಸಿದೆ.